ಸೋತು ಬಂದವರ ಮುಂದ ಡೊಳ್ಳು ಹೊಡೆದ ಊರು

ಹೂಂ ಅಂತೀರೇನು? ಹೂಂ ಅನ್ನೋರು ಇದ್ರ ಕಥಿ ಹೇಳ್ತೀನಿ, ಇಲ್ಲಂದ್ರ ಕೌದಿ ಹೊದ್ದು ಮಲಗ್ತೀನಿ. ಹಾಂ, ಹಂಗ ಬರ್ರಿ ದಾರಿಗೆ.

ಒಂದು ಸೀಮಿ ಇತ್ತಂತ. ಯಾವ ಸೀಮಿ ಅಂತ ಕೇಳಬ್ಯಾಡ್ರಿ, ನನಗ ಹೇಳಿದ ನಮ್ಮಜ್ಜಿಗೂ ಗೊತ್ತಿರಲಿಲ್ಲ. ಆ ಸೀಮ್ಯಾಗ ಹೊಳಿ ದಂಡಿ ಮ್ಯಾಲೆ ಒಂದು ಊರು. ಆ ಊರ ಮಂದಿಗೆ ಕಬಡ್ಡಿ ಅಂದ್ರ ಪಂಚಪ್ರಾಣ. ವರ್ಷಕ್ಕೊಮ್ಮೆ ಹೊಳಿ ಆಚೆ ಊರಿನವರ ಕೂಡ ಪಂದ್ಯ. ವರ್ಷಾ ಗೆಲ್ಲೋರು, ವರ್ಷಾ ಡೊಳ್ಳು ಬಾರಿಸೋರು, ವರ್ಷಾ ಆರತಿ ಮಾಡಿ ಒಳಗ ಕರಕೊಳ್ಳೋರು. ಸೋಲು ಅನ್ನೋದನ್ನ ಆ ಊರು ಕಂಡೇ ಇರಲಿಲ್ಲ ನೋಡ್ರಿ. ಗೆದ್ದು ಬಂದವರನ್ನ ಹೆಂಗ ಕರೀಬೇಕು ಅನ್ನೋದು ಕೂಸಿಗೂ ಗೊತ್ತು. ಸೋತು ಬಂದವರನ್ನ ಹೆಂಗ ಕರೀಬೇಕು? ಯಾರಿಗೂ ಗೊತ್ತಿಲ್ಲ!

ಆ ತಂಡಕ್ಕ ಭರಮ ಅಂತ ಒಬ್ಬ ಮುಂದಾಳು. ದಾಳಿಗೆ ಹೋದ್ರ ಬರಿಗೈಲಿ ಬರೋ ಮಗನಲ್ಲ. ಆ ವರ್ಷದ ಪಂದ್ಯದಾಗ ಏನಾತು ಕೇಳ್ರಿ. ಎರಡೂ ಕಡೆ ಅಂಕ ಸಮ ಸಮ. ಕಡೀ ದಾಳಿ ಭರಮಂದು. ಕಬಡ್ಡಿ ಕಬಡ್ಡಿ ಅಂತ ಹೋದ, ಮೂಲ್ಯಾಗಿದ್ದವನ್ನ ಮುಟ್ಟಿದ. ಅಲ್ಲಿಂದ ಹೊಳ್ಳಿ ಬಂದಿದ್ರ ಗೆದ್ದಿದ್ರು. ಬಂದನೇನು? ಬರಲಿಲ್ಲ. ಇನ್ನೊಬ್ಬ ಕೈಗೆ ಸಿಗ್ತಾನ ಅಂತ ಆಸಿ ಹುಟ್ತು, ಕಾಲು ಚಾಚಿದ. ಅವರು ಪಾದ ಹಿಡಿದ್ರು, ಸೊಂಟ ಹಿಡಿದ್ರು, ಮ್ಯಾಲೆ ಬಿದ್ರು. ಅಷ್ಟೂ ಮಂದೀನ ಎಳಕೊಂಡು ಬಂದ್ರೂ ನಡುಗೆರಿಗೆ ಒಂದು ಗೇಣು ಉಳೀತು. ಅಷ್ಟರಾಗ ದಮ್ಮು ಕಡೀತು. ಮುಗೀತಪ್ಪ. ಸೋತ್ರು.

ಏಳೂ ಮಂದಿ ತಲಿ ತಗ್ಗಿಸಿ ಊರ ಕಡೆ ಬಂದ್ರು. ಪಂದ್ಯ ನೋಡಾಕ ಹೋಗಿದ್ದವರು ಮುಂದಾಗಿ ಬಂದು ಸುದ್ದಿ ಮುಟ್ಟಿಸಿದ್ರು. ಊರ ಮಂದಿ ಗುಂಪುಗೂಡಿ ಏನ್ ಮಾಡೋಣ, ಏನ್ ಮಾಡೋಣ ಅಂದ್ರು. ಗೊತ್ತಿದ್ದದ್ದು ಒಂದೇ. ಪಾಪ, ಹುಡುಗರ ಮನಸ್ಸಿಗೆ ನೋವಾಗಬಾರದು ಅಂತ ಅದನ್ನ ಮಾಡಿದ್ರು. ಡೊಳ್ಳು ಬಾರಿಸಿದ್ರು! ಆರತಿ ಹಿಡಕೊಂಡು ನಿಂತ್ರು! ಭರಮನ ಕೊರಳಿಗೆ ಹಾರ ಹಾಕಾಕ ಬಂದ್ರು!

ಅಯ್ಯ, ಕೆಟ್ಟ ಬುದ್ಧಿಯಿಂದ ಮಾಡಲಿಲ್ಲ ಬಿಡ್ರಿ. ಪ್ರೀತಿ ಭಾಳ, ತಿಳುವಳಿಕೆ ಕಡಿಮಿ. ಆದ್ರ ಭರಮಗ ಆ ಡೊಳ್ಳು ಎದಿ ಮ್ಯಾಲೆ ಹೊಡದಂಗಾತು. ಹಾರ ತಪ್ಪಿಸಿಕೊಂಡು ಹಿಂದಕ್ಕ ಸರದ, ಊರ ಹೊರಗಿನ ಬೇವಿನ ಗಿಡದ ಬುಡಕ್ಕ ಹೋಗಿ ಕುಂತ. ಊರೊಳಗ ಬರಂಗಿಲ್ಲ, ಇನ್ನ ಕಬಡ್ಡಿ ಆಡಂಗಿಲ್ಲ, ದೂರದ ಊರಿಗೆ ದುಡಿಯಾಕ ಹೋಗ್ತೀನಿ ಅಂದ. ಅವ ಇಲ್ಲಂದ್ರ ನಾವೂ ಆಡಂಗಿಲ್ಲ ಅಂತ ಉಳಿದ ಆರೂ ಮಂದಿ ಅಂದ್ರು. ಊರಿನ ಪಂಚಪ್ರಾಣಕ್ಕ ಕುತ್ತು ಬಂತು.

ಮೊದಲು ಗೌಡ ಹೋದ. ಏ ಭರಮಾ, ಆಟ ಅಂದ ಮ್ಯಾಲೆ ಆಟ, ಇದೇನು ದೊಡ್ಡ ಮಾತಲ್ಲ, ಮರತು ಬಿಡು ಅಂದ. ವರ್ಷಪೂರ್ತಿ ಬೆಳಗಿನ ಜಾವ ಎದ್ದು ಮಣ್ಣಾಗ ಹೊರಳಾಡಿದ್ದು ದೊಡ್ಡ ಮಾತಲ್ಲೇನು ಅಂತ ಭರಮ ಒಳಗೊಳಗ ಕುದ್ದ. ಗೌಡನ ಕಡೆ ಬೆನ್ನು ಮಾಡಿ ಕುಂತ.

ಆಮ್ಯಾಲೆ ಶಾನಭೋಗ ಹೋದ. ಕಣದಾಗ ಮೋಸ ಆಗೇತಿ, ತೀರ್ಪು ಕೊಟ್ಟ ಪಂಚರು ಅವರ ಕಡೆಯವರು, ಖರೆ ನೋಡಿದ್ರ ನೀನ ಗೆದ್ದಿ ಅಂದ. ಭರಮಗ ಗೊತ್ತಿತ್ತು, ಮೋಸ ಆಗಿರಲಿಲ್ಲ. ನನ್ನ ಸಲುವಾಗಿ ಈ ದೊಡ್ಡ ಮನುಷ್ಯ ಸುಳ್ಳು ಹೇಳೋ ಹಂಗಾತಲ್ಲ ಅಂತ ನಾಚಿಕಿ ಬಂತು. ಇನ್ನೂ ಅತ್ತ ತಿರುಗಿದ.

ಮೂರನೇದಾಗಿ ಅವನ ಸೋದರಮಾವ ಹೋದ. ಬರೋ ವರ್ಷ ಅವರನ್ನ ಮಣ್ಣು ಮುಕ್ಕಿಸ್ತೀ ನೋಡು, ಈಗ ನಗು, ನಗಬೇಕು ಅಂತ ಭುಜ ತಟ್ಟಿದ. ಗಾಯ ಇನ್ನೂ ಹಸಿ ಇರೋವಾಗ ಇಂವ ಬರೋ ವರ್ಷದ ಮಾತು ಆಡ್ತಾನ! ಭರಮ ಎದ್ದು ಹೊಳಿ ದಾರಿ ಹಿಡಿಯಾಕ ಹೊಂಟ. ಮಾವ ಕೈ ಕಾಲು ಹಿಡಿದು ಕೂಡ್ರಿಸಿ ಓಡಿ ಬಂದ.

ಆಗ ಹೋದಾಕಿ ಕಲ್ಲವ್ವಾಯಿ. ಯಾರು ಈಕಿ? ಊರಿನ ಒಬ್ಬಾಕಿ ಮುದುಕಿ. ಯಾವ ಪಂದ್ಯ ಇದ್ರೂ ಗೆರಿ ಪಕ್ಕಕ್ಕ ಕುಂತು, ಕಡೀತನಕ ನೋಡಿ, ಆಡೋರನ್ನ ಬಾಯಿಗೆ ಬಂದಂಗ ಬೈಯೋಳು. ಹೋಗೋಕಿಂತ ಮೊದಲ ಡೊಳ್ಳು ಒಳಗ ಇಡಸಿದಳು. ಆರತಿ ಆರಿಸಿದಳು. ಸುತ್ತ ನಿಂತವರನ್ನ ಅಟ್ಟಿದಳು.

ಹೋಗಿ ಏನಂದಳು? ಏನೂ ಅನ್ನಲಿಲ್ಲ. ಅವನ ಬಾಜೂಕ ಕುಂತಳು. ಎಲಿ ತಗದಳು, ಸುಣ್ಣ ಹಚ್ಚಿದಳು, ಅಡಿಕಿ ಕತ್ತರಿಸಿದಳು, ಮೆದ್ದಳು. ಭರಮನ ಕಾಲ ಕಡೆ ನೋಡಿ, ಮೊಣಕಾಲು ಬಾತೇತಿ, ಅಂದಳು. ಹೂಂ ಅಂದ ಅಂವ. ಮಾತಾಡಾಕ ಅವಸರ ಇರಲಿಲ್ಲ ಆಕಿಗೆ.

ಕಡೀಕ ಭರಮನೇ ಬಾಯಿ ಬಿಟ್ಟ. "ಆಯಿ, ನೀನೂ ನಕ್ಕೋತ ಇರು ಅಂತ ಹೇಳಾಕ ಬಂದೀಯೇನು?"

"ಇಲ್ಲಪ್ಪ. ಸೋತ್ರಿ. ನಾ ಕಣ್ಣಾರೆ ನೋಡೀನಿ. ಒಳಗ ಉರೀತಿರಬೇಕು ನಿನಗ."

"ತಪ್ಪು ನಂದ ಹೌದಲ್ಲ?"

ಕಲ್ಲವ್ವಾಯಿ ಸುಳ್ಳು ಹೇಳಿದಳೇನು? ಇಲ್ರೀ. "ಎರಡನೇದವನ್ನ ಮುಟ್ಟಾಕ ಹೋಗಬಾರದಿತ್ತು. ಅದು ಖರೆ. ಅದರಕಿಂತ ಮೊದಲ, ನಿಮ್ಮವರೆಲ್ಲ ಔಟಾಗಿ ನೀ ಒಬ್ಬನ ಉಳಿದಿದ್ದಿ. ಒಂದೊಂದ ದಾಳಿಗೆ ಒಬ್ಬೊಬ್ಬರನ್ನ ಒಳಗ ತಂದಿ. ನಿನ್ನ ಜೋಡಿ ಆಡೋ ಗಂಗಣ್ಣ ತ್ರಾಸಿನಿಂದ ಉಸಿರಾಡ್ತಿದ್ದ, ಅಂವಗ ದಮ್ಮು ತಗೊಳ್ಳಾಕ ಮೂಲಿ ಬಿಟ್ಟು ಕೊಟ್ಟು ನೀ ನಡುವ ನಿಂತಿ. ಅದೂ ಖರೆ. ಎರಡೂ ನೋಡೀನಿ ನಾ. ಒಂದರಿಂದ ಇನ್ನೊಂದನ್ನ ಅಳಸಾಕ ಬರಂಗಿಲ್ಲ."

ಗಂಗಣ್ಣಗ ಮೂಲಿ ಬಿಟ್ಟದ್ದು ಯಾರಿಗೂ ಕಂಡಿಲ್ಲ ಅಂದ್ಕೊಂಡಿದ್ದ ಭರಮ. ಕಂಡಿತ್ತಲ್ಲ ಒಬ್ಬಾಕಿಗೆ! ಮೊಣಕಾಲಾಗ ಮುಖ ಹುದುಗಿಸಿ ಅತ್ತ. ಅಳಬ್ಯಾಡ ಅಂತ ಆಕಿ ಅನ್ನಲಿಲ್ಲ. ಗಂಡಸಾಗಿ ಅಳತೀಯೇನು ಅಂತನೂ ಅನ್ನಲಿಲ್ಲ. ಎಲಿ ಮೆಲ್ಲಕೋತ ಕುಂತಳು.

ಅತ್ತು ಮುಗಿಸಿ ಕೇಳಿದ. "ಆಯಿ, ಬರೋ ವರ್ಷ ಗೆಲ್ತೀವೇನು?"

"ನನಗೇನು ಗೊತ್ತೋ? ನಾನೇನು ಜೋಯಿಸಳೇನು?"

ಭರಮ ನಕ್ಕುಬಿಟ್ಟ! ಅಳು ಇನ್ನೂ ಮುಖದ ಮ್ಯಾಲೆ ಇತ್ತು, ನಗಿ ಬಂತು. ಮನಸ್ಸಾದಾಗ ಬಾ, ಯಾರೂ ಡೊಳ್ಳು ಹೊಡಿಯಂಗಿಲ್ಲ, ನಗೋದು ಬ್ಯಾಡ, ಮಾತಾಡೋದು ಬ್ಯಾಡ ಅಂತ ಹೇಳಿ ಆಕಿ ಎದ್ದು ಹೋದಳು. ತಿರುಗಿ ನೋಡಲಿಲ್ಲ. ಬರ್ತಾನೋ ಇಲ್ಲೋ ಅಂತ ಕಾಯಲಿಲ್ಲ.

ಸಂಜಿ ಮುಂದ ಭರಮ ಬಂದ. ಊರ ಮಂದಿ ಕಟ್ಟಿ ಮ್ಯಾಲೆ ಸುಮ್ಮನ ಕುಂತಿದ್ರು. ಕಲ್ಲವ್ವಾಯಿ ಕಲಿಸಿದ್ದಳು: ಕಂಡದ್ದನ್ನ ಹೇಳ್ರಿ, ಕಾಣದ್ದನ್ನ ಕಟ್ಟಬ್ಯಾಡ್ರಿ. ಗೌಡ ಎದ್ದು, ಮ್ಯಾಲೆ ಬಿದ್ದವರನ್ನೆಲ್ಲ ಎಳಕೊಂಡು ಬಂದ್ಯಲ್ಲೋ, ಅದನ್ನ ನಾ ಮರಿಯಂಗಿಲ್ಲ ಅಂದ. ಗಂಗಣ್ಣ ಬಂದು ಬರೇ ಕೈ ಹಿಡಿದ. ಭರಮ ತಲಿ ಎತ್ತಿ ಮನಿಗೆ ನಡೆದ.

ಆ ಊರಾಗ ಒಂದು ಪದ್ಧತಿ. ಆಡೋರ ತಾಯಂದಿರು ಕಣಕ್ಕ ಹೋಗಬಾರದು, ದೃಷ್ಟಿ ಆಗ್ತೈತಿ ಅಂತ. ಹಿಂಗಾಗಿ ಭರಮನ ಅವ್ವ ಏನೂ ನೋಡಿರಲಿಲ್ಲ. ಮಗನ ಕಾಲಿಗೆ ನೀರು ಕೊಟ್ಟಳು, ರೊಟ್ಟಿ ಬಡಿಯಾಕ ಕುಂತಳು. "ನಾ ನೋಡಿಲ್ಲಪ್ಪ, ಏನೂ ಹೇಳಾಕ ಬರಂಗಿಲ್ಲ ನನಗ. ಏನಾತು, ನೀನ ಹೇಳು," ಅಂದಳು.

ಮೊದಲಿಂದ ಕಡೀತನಕ ಹೇಳಿದ ಭರಮ. ಆಸಿ ಪಟ್ಟದ್ದನ್ನೂ ಹೇಳಿದ, ಬಿದ್ದದ್ದನ್ನೂ ಹೇಳಿದ. ಒಲಿ ಮುಂದಿನ ನೆಲಕ್ಕ ಒಂದು ಗೆರಿ ಎಳದು, ಇತ್ತ ತನ್ನ ಕೈ ಊರಿ, "ಇಷ್ಟ ಉಳೀತವ್ವಾ," ಅಂದ.

ಅವ್ವ ರೊಟ್ಟಿ ಬಿಟ್ಟು ಬಂದಳು. ಗೆರಿಗೂ ಅವನ ಬೆರಳಿಗೂ ನಡುವ ಉಳಿದ ಜಾಗದಾಗ ತನ್ನ ಹಿಟ್ಟಿನ ಕೈ ಇಟ್ಟಳು.

"ಇಷ್ಟ ಏನು?"

"ಇಷ್ಟ."

"ಭಾಳ ಸಂಕಟ ಆಗಿರಬೇಕೋ ಮಗನ," ಅಂದಳು. ಕೈ ತಗೀಲಿಲ್ಲ.

ಭರಮ ಹೊಟ್ಟಿ ತುಂಬ ಉಂಡ. ಉಂಡು ಹಾಸಿಗಿ ಹಾಸ್ಕೋತ ಅಂದ: "ಅವ್ವಾ, ಮುಂಜಾನೆ ಲಗೂನ ಎಬ್ಬಿಸು. ಹುಡುಗರು ಕಣದಾಗ ಕಾಯ್ತಿರ್ತಾರ."

ಅವರು ಅಲ್ಲಿ ಆಡಲಿ, ನಾವು ಇಲ್ಲಿ ಸುಖವಾಗಿರೋಣ. ನನ್ನ ಕಥಿ ಮುಗೀತು, ನಿಮ್ಮ ಹೂಂ ಮುಗೀಲಿ. ಏಳ್ರಿ ಇನ್ನ.