ಚಪ್ಪಾಳೆಗೆ ಬಿಟ್ಟ ಜಾಗ

“ಹಲೋ... ಯಾರು ಮಾತಾಡ್ತಿರೋದು?... ಸಾಹೇಬ್ರ ಹತ್ರ ಮಾತಾಡ್ಬೇಕಿತ್ತು. ನಾನು ಶಾಲೆಯ ಪಿ.ಟಿ. ಟೀಚರು. ಬೆಳಿಗ್ಗೆ ನಮ್ಮ ಕ್ರೀಡಾಕೂಟಕ್ಕೆ ಅವರೇ ತಾನೇ ಮುಖ್ಯ ಅತಿಥಿ... ಹಾಂ, ಕಾಯ್ತೀನಿ.”

ಆಟದ ಸಾಮಾನಿನ ಕೋಣೆಯಲ್ಲಿ ಟೀಚರು ಸುಣ್ಣದ ಪುಡಿಯ ಚೀಲದ ಮೇಲೆ ಕೂತರು. ಬಾಗಿಲಲ್ಲಿ ಗಾಳಿಪಟ ನಿಂತಿದ್ದಳು. ಓಡುವಾಗ ನೆಲಕ್ಕೆ ಕಾಲೇ ತಾಗುವುದಿಲ್ಲವೆಂದು ಗೆಳತಿಯರು ಇಟ್ಟ ಹೆಸರು ಅದು. ಮನೆಗೆ ಹೋಗು ಎಂದು ಮೂರು ಸಲ ಹೇಳಿದರೂ ಹುಡುಗಿ ಜಪ್ಪಯ್ಯ ಎನ್ನಲಿಲ್ಲ.

“ನಮಸ್ಕಾರ ಸರ್... ಭಾಷಣ ತುಂಬಾ ಚೆನ್ನಾಗಿತ್ತು ಸರ್. ಅಷ್ಟು ಬಿಸಿಲಲ್ಲಿ ಸಾಲಾಗಿ ನಿಂತಿದ್ರೂ ಒಂದು ಮಗೂನೂ ಮಿಸುಕಲಿಲ್ಲ... ಇಲ್ಲ ಸರ್, ಮೈಕು ಕೈಕೊಟ್ಟಿದ್ದು ಪಥಸಂಚಲನದಲ್ಲಿ. ನೀವು ಮಾತಾಡುವಾಗ ಸರಿಯಾಗೇ ಇತ್ತು.”

“ಒಂದು ವಿಷಯ ಸರ್... ಕ್ರೀಡಾಜ್ಯೋತಿ ತಂದು ನಿಮ್ಮ ಕೈಗೆ ಕೊಟ್ಟಳಲ್ಲ, ಸಣ್ಣಗೆ, ಉದ್ದಕ್ಕೆ?... ಹಾಂ, ಅವಳೇ. ವೇದಿಕೆ ಕೆಳಗೇ ನಿಂತಿದ್ಲು. ನಿಮ್ಮ ಮಾತು ಒಂದೂ ಬಿಡದೆ ಕೇಳಿದಾಳೆ.”

“ಎಂಟುನೂರು ಮೀಟರ್ ಓಟ ಸರ್, ಮಧ್ಯಾಹ್ನ... ನೀವು ಉದ್ಘಾಟನೆ ಮುಗಿಸಿ ಹೊರಟಿದ್ರಿ ಆಗ. ಎರಡು ಸುತ್ತು. ಕೊನೇ ತಿರುವಲ್ಲಿ ಇವಳೇ ಮುಂದೆ. ಹಿಂದಿನವಳ ಕಾಲು ಇವಳ ಹಿಮ್ಮಡಿಗೆ ತಾಗಿ, ಆ ಹುಡುಗಿ ಮುಗ್ಗರಿಸಿ ಬಿದ್ಲು. ಇವಳು ನಿಂತೇಬಿಟ್ಲು ಸರ್! ವಾಪಸ್ ಹೋಗಿ ಎತ್ತಿದ್ಲು. ಓಡೇ, ಓಡೇ ಅಂತ ಗಂಟಲು ಹರಿಯೋ ಹಾಗೆ ಕಿರುಚಿದೆ ನಾನು... ಐದನೇ ಸ್ಥಾನ.”

“ಹಾಂ... ಹೆಮ್ಮೆ ಸರ್. ಹೆಮ್ಮೆನೇ.”

“ಅದಕ್ಕೇ ಫೋನ್ ಮಾಡಿದ್ದು. ಕ್ರೀಡಾ ವಸತಿಶಾಲೆಯ ಆಯ್ಕೆ ಸಮಿತಿಗೆ ನೀವೇ ಅಧ್ಯಕ್ಷರು, ಅಲ್ವಾ?... ಗೊತ್ತು ಸರ್, ಓಟದಲ್ಲಿ ಮೊದಲ ಇಬ್ಬರನ್ನೇ ಆಯ್ಕೆಗೆ ಕರೆಯೋದು. ನಾನು ಸೀಟು ಕೇಳ್ತಿಲ್ಲ. ಆಯ್ಕೆ ದಿನ ಒಂದೇ ಒಂದು ಸಲ ಓಡೋಕೆ ಬಿಡಿ. ಓಡಿದ್ರೆ ಸೀಟು ಅವಳದ್ದೇ... ಅಪ್ಪ ಅಮ್ಮ ಇಲ್ಲ ಸರ್. ಅಲ್ಲಿ ಸೀಟು ಸಿಗದಿದ್ರೆ ಓದು ಸಾಕು, ನನ್ನ ಲಾಂಡ್ರೀಲಿ ಇಸ್ತ್ರಿಗೆ ನಿಲ್ಲು ಅಂತ ಚಿಕ್ಕಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದಾನೆ.”

ಆ ಕಡೆಯಿಂದ ಮಾತು ಬಹಳ ಹೊತ್ತು ಬಂತು. ಟೀಚರು ಕೇಳುತ್ತ ಕೇಳುತ್ತ ಹುಡುಗಿಗೆ ಬೆನ್ನು ತಿರುಗಿಸಿದರು.

“ನಿಯಮ... ಹಾಂ... ಒಬ್ಬರಿಗೆ ಬಿಟ್ರೆ ಹತ್ತು ಜನ ಬರ್ತಾರೆ... ಹಾಂ. ಆದ್ರೆ ನೀವೇ ಹೇಳಿದ್ರಲ್ಲ ಸರ್? ‘ಪದಕ ಎಷ್ಟು ಅಂತ ನಾನು ಎಣಿಸುವುದಿಲ್ಲ. ಬಿದ್ದವರನ್ನು ಎತ್ತಿ ಕೊನೆಗೆ ಬಂದವರನ್ನೇ ಮೊದಲು ನೋಡುತ್ತೇನೆ’ ಅಂತ... ಏನಂದ್ರಿ?... ಭಾಷಣವಾ? ಅದು ಭಾಷಣ ಅಂತ ಆ ಮಗುಗೆ ಹೇಗೆ ಗೊತ್ತಾಗ್ಬೇಕು ಸರ್?”

“ಭಾಷಣ ಬರೆದುಕೊಟ್ಟಿದ್ದು ನಾನೇ ಅಲ್ವಾ ಅಂತನಾ?...”

“ಹೌದು. ನಾನೇ ಬರೆದದ್ದು.”

ಟೀಚರ ದನಿ ಇಳಿದುಹೋಯಿತು. ಅತಿಥಿಗಳಿಗೆ ಪುರುಸೊತ್ತಿಲ್ಲ, ನೀವೇ ನಾಲ್ಕು ಮಾತು ಗೀಚಿಕೊಡಿ ಎಂದು ಮುಖ್ಯೋಪಾಧ್ಯಾಯರು ನಿನ್ನೆ ಅವಸರಪಡಿಸಿದ್ದರು. ಕನ್ನಡಕವಿಲ್ಲದೆಯೂ ಓದಲಿ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ನಾಲಿಗೆ ತೊಡರುವ ಪದಗಳನ್ನು ತೆಗೆದು, ಆ ಸಾಲಿನ ಕೆಳಗೆ ಚಪ್ಪಾಳೆಗೆಂದು ಜಾಗ ಬಿಟ್ಟಿದ್ದರು. ಸಾಹೇಬರು ಸರಿಯಾಗಿ ಅಲ್ಲೇ ನಿಲ್ಲಿಸಿ ನೀರು ಕುಡಿದರು. ಮೊದಲ ಚಪ್ಪಾಳೆ ಹೊಡೆದದ್ದೂ ಟೀಚರೇ. ಈಗ ನಾಚಿಕೆಯಿಂದ ಅವರಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

“ತಪ್ಪು ನಂದೇ ಇರ್ಲಿ ಸರ್. ಆದ್ರೆ ನಾನು ದಿನಾ ಹೇಳೋದು ಓಡು ಅಂತ ಮಾತ್ರ. ಅವಳು ನಿಂತಿದ್ದು ನಿಮ್ಮ ಬಾಯಿಂದ ಕೇಳಿ... ಸರ್, ಬೇಜಾರು ಮಾಡ್ಕೋಬೇಡಿ, ನಾನು ಜೋರು ಮಾಡ್ತಿಲ್ಲ...”

“ಏನು ಹೇಳ್ಬೇಕು ಅವಳಿಗೆ?... ‘ಪ್ರಯತ್ನ ಯಾವತ್ತೂ ವ್ಯರ್ಥ ಆಗೋಲ್ಲ’ ಅಂತನಾ? ನನ್ನ ಕೈಲಿ ಆಗೋಲ್ಲ ಸರ್. ಇಲ್ಲೇ ಇದಾಳೆ, ನೀವೇ ಹೇಳಿಬಿಡಿ... ಇಲ್ಲ ಇಲ್ಲ, ಒಂದೇ ನಿಮಿಷ, ಇಡ್ಬೇಡಿ... ಬಾರೇ ಇಲ್ಲಿ. ತಗೋ. ಸಾಹೇಬ್ರು.”

ಗಾಳಿಪಟ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಫೋನು ಹಿಡಿದಳು. ಕಾಲು ಜೋಡಿಸಿ ನೆಟ್ಟಗೆ ನಿಂತಳು.

“ನಮಸ್ಕಾರ ಸರ್... ನಾನು ಸರ್, ಐದನೇ ಸ್ಥಾನ ಬಂದೋಳು... ಸರ್?... ಹಲೋ?...”

“ಟೀಚರ್, ಅವರು ಮಾತಾಡ್ತಾನೇ ಇಲ್ಲ. ಇನ್ನೂ ಸ್ವಲ್ಪ ಹೊತ್ತು ಹಿಡ್ಕೊಂಡಿರ್ಲಾ?”