ನನ್ನ ದಿನಚರಿಯಲ್ಲಿ ನಾನು ಬರೆಯದ ಹೆದರಿಕೆ

ಹೆಸರು: ಶ್ರೀಶೈಲ ಸಂಗಪ್ಪ ಅಂಗಡಿ. ವಯಸ್ಸು: 64. ಉದ್ಯೋಗ: ನಿವೃತ್ತ ಮುಖ್ಯಾಧ್ಯಾಪಕ. ವಾಸ: ಸುರೇಬಾನ, ತಾಲೂಕು ರಾಮದುರ್ಗ.

ಠಾಣೆಗೆ ಖುದ್ದಾಗಿ ಬಂದು ಬರೆಸುತ್ತಿರುವುದು ಏನೆಂದರೆ, ದಿನಾಂಕ 26-1-2004ರಂದು, ನಾನು ಮುಖ್ಯಾಧ್ಯಾಪಕನಾಗಿದ್ದ ಹುಣಸಿಮಟ್ಟಿ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ನನ್ನ ದಿನಚರಿಯ ಒಂದು ಪುಟವನ್ನು, ನಾನು ಬರೆಯದ ಮಾತು ಸೇರಿಸಿ, ನಾನು ಬರೆದ ಮಾತು ತೆಗೆದು, ನನ್ನ ಹೆಸರಿನಲ್ಲಿ ಅಚ್ಚು ಹಾಕಿಸಲಾಗಿದೆ.

ನಾನು ಮೂವತ್ತೊಂದು ವರ್ಷ ದಿನಚರಿ ಬರೆದಿದ್ದೇನೆ. ಎಷ್ಟು ಗಂಟೆಗೆ ಏನಾಯಿತು ಎಂಬುದಷ್ಟೇ ಅದರಲ್ಲಿರುತ್ತದೆ. ನನಗೆ ಏನನ್ನಿಸಿತು ಎಂಬುದು ಇರುವುದಿಲ್ಲ.

ದಿನಾಂಕ 4-1-2004ರಂದು ಸಂಜೆ 5 ಗಂಟೆಗೆ ಸಂಚಿಕೆಯ ಸಂಪಾದಕನೂ ನನ್ನ ಹಳೆಯ ವಿದ್ಯಾರ್ಥಿಯೂ ಆದ ಸುಭಾಸ ನಮ್ಮ ಮನೆಗೆ ಬಂದು 1994ರ ದಿನಚರಿಯ ವಹಿ ಕೇಳಿದನು. ಶಾಲೆಯ ಮಾಳಿಗೆ, ಅಂದರೆ ಮಣ್ಣಿನ ಛಾವಣಿ, ಬಿದ್ದ ದಿನದ ಪುಟ ಓದಿ, ಇದು ಪಂಚನಾಮೆ ಆಗೇತ್ರಿ ಗುರುಗಳ, ಇದರಾಗ ನೀವ ಇಲ್ಲಲ್ಲ, ಸ್ವಲ್ಪ ಜೀವ ತುಂಬತೇನಿ ಎಂದನು. ಜೀವ ಇದ್ದಷ್ಟು ಸಾಕು, ಇದ್ದದ್ದು ಇದ್ದಹಾಗೆ ಹಾಕು ಎಂದೆನು. ಆಗಲಿ ಎಂದು ಹೇಳಿ ವಹಿ ಒಯ್ದನು.

ನಾನು ಬರೆದದ್ದು ಇಷ್ಟು: "14-7-1994, ಗುರುವಾರ. 11-40ಕ್ಕೆ ನಾಲ್ಕನೆಯ ವರ್ಗದ ಮಾಳಿಗೆ ಕುಸಿಯಿತು. ಮಕ್ಕಳನ್ನು ಎಂಟು ದಿನದಿಂದ ಬೇವಿನ ಗಿಡದ ಕೆಳಗೆ ಕೂರಿಸಲಾಗುತ್ತಿತ್ತು. ನಕಾಶೆ ತರಲು ಒಳಗೆ ಹೋಗಿದ್ದ ಜವಾನ ಕಾಡಪ್ಪನ ಬಲಗಾಲು ಮುರಿಯಿತು. 12-15ರ ಬಸ್ಸಿಗೆ ರಾಮದುರ್ಗಕ್ಕೆ ಕಳುಹಿಸಲಾಯಿತು. ಬಿರುಕಿನ ಬಗ್ಗೆ ಮಾರ್ಚ್ 3, ಮೇ 20, ಜುಲೈ 2ರಂದು ಮೇಲಿನ ಕಚೇರಿಗೆ ಬರೆದ ಪತ್ರಗಳಿಗೆ ಉತ್ತರವಿಲ್ಲ."

ಅಚ್ಚಾದದ್ದು: "ಅಂದು ಬೆಳಗಿನಿಂದ ನನ್ನ ಎಡಗಣ್ಣು ಹಾರುತ್ತಿತ್ತು. ಇಂದು ಮಾಳಿಗೆ ಬೀಳುತ್ತದೆ ಎಂದು ಒಳಮನಸ್ಸು ಪಿಸುಗುಡುತ್ತಿತ್ತು. ಕಾಡಪ್ಪ ಒಳಗೆ ಹೆಜ್ಜೆಯಿಟ್ಟಾಗ ನನ್ನ ಎದೆ ನಡುಗಿತು. ಆದರೂ ನಾನು ಮೂಕನಾಗಿ ನಿಂತೆ." ಗಿಡದ ಕೆಳಗಿನ ಮಕ್ಕಳು ಇಲ್ಲ. ಮೂರು ಪತ್ರಗಳೂ ಇಲ್ಲ. ಎಡಗಣ್ಣು ಇದೆ. ಆ ಕಣ್ಣಿಗೆ 1991ರಿಂದ ಪೊರೆಯಿತ್ತು. ಅದು ಹಾರಿದ್ದು ನನಗೆ ನೆನಪಿಲ್ಲ.

ಕಾಡಪ್ಪ ಕಾಲು ಎಳೆಯುತ್ತ ಹತ್ತು ವರ್ಷದಿಂದ ಪ್ರತಿ ಗುರುವಾರ ಹುಣಸಿಮಟ್ಟಿಯಿಂದ ಆರು ಕಿಲೋಮೀಟರ್ ಬಸ್ಸಿನಲ್ಲಿ ಬಂದು ನನ್ನ ಜೊತೆ ಚಹಾ ಕುಡಿದು ಹೋಗುತ್ತಿದ್ದನು. ದಿನಾಂಕ 29-1-2004ರಂದು ಬೆಳಿಗ್ಗೆ 10-30ಕ್ಕೆ ಬಂದನು. ಕಟ್ಟೆ ಹತ್ತಲಿಲ್ಲ. ತನ್ನ ಮಗ ಸಂದೀಪ ಸಂಚಿಕೆ ಓದಿ ಹೇಳಿದನೆಂದು ತಿಳಿಸಿ, ಮಾಸ್ತರ, ನೀವು ಚೀರಿದ್ದು ನನಗ ನೆನಪೈತಿ, ಹೆದರಿದ್ದು ನೆನಪಿಲ್ಲ, ಬೀಳತೈತಿ ಅಂತ ಖರೇ ಗೊತ್ತಿತ್ತೇನ್ರಿ ಎಂದು ಕೇಳಿದನು. ನಾನು ವಹಿ ತರಲು ಒಳಗೆ ಹೋದೆನು. ವಹಿ ಸುಭಾಸನ ಹತ್ತಿರವೇ ಇತ್ತು. ಹೊರಗೆ ಬರುವಷ್ಟರಲ್ಲಿ ಅವನು ಬಸ್ ನಿಲ್ದಾಣದ ಕಡೆಗೆ ಐವತ್ತು ಹೆಜ್ಜೆ ಹೋಗಿದ್ದನು. ಅವನಿಗೆಂದು ಮಾಡಿಸಿಟ್ಟ ಚಹಾ ಆರಿತ್ತು.

ಮರುದಿನ ಸುಭಾಸನ ಮನೆಗೆ ಹೋಗಿ ವಹಿ ವಾಪಸು ತೆಗೆದುಕೊಂಡು ಕೇಳಿದೆನು. ಓದಿದ ಮಂದಿ ಅತ್ತಾರ್ರಿ ಗುರುಗಳ, ಪತ್ರದ ತಾರೀಖು ಓದಿ ಯಾರ ಅಳತಾರ ಎಂದನು. ತಿದ್ದುಪಡಿ ಹಾಕು ಎಂದರೆ, ಸಂಚಿಕೆ ಹಂಚಿ ಮುಗಿದೈತಿ ಎಂದನು.

ಈ ಹೇಳಿಕೆ ಬರೆದುಕೊಳ್ಳುತ್ತಿರುವ ಹವಾಲ್ದಾರರು ನಡುವೆ, ಮಾಸ್ತರ, ಏನೂ ಕಳುವಾಗಿಲ್ಲ, ಯಾರೂ ಹೊಡೆದಿಲ್ಲ, ಯಾವ ಕಲಂ ಹಚ್ಚಲಿ ಎಂದರು. ಮೂರು ಪತ್ರ ಕಳುವಾಗಿವೆ ಎಂದೆನು. ಹಂಗಾದ್ರ ಅವತ್ತ ನಿಮಗ ಖರೇ ಏನ ಅನಿಸಿತ್ತು, ಅದನ್ನರ ಹೇಳ್ರಿ ಎಂದರು. ಹತ್ತು ವರ್ಷದಲ್ಲಿ ಇದನ್ನು ಕೇಳಿದವರು ಇವರೊಬ್ಬರೇ ಆದ್ದರಿಂದ ಬರೆಸುತ್ತೇನೆ.

ಅಂದು 12 ಗಂಟೆಗೆ ತಪಾಸಣೆಯ ಸಾಹೇಬರು ಬರುವವರಿದ್ದರು. ನಕಾಶೆ ಇನ್ನೂ ಒಳಗೇ ಇತ್ತು. ನನಗೆ ಸಿಟ್ಟು ಬಂದಿತ್ತು. ಎಷ್ಟ ಸಲ ಹೇಳಬೇಕೋ, ಹೋಗಿ ತಗೊಂಬಾ ಎಂದು ಕಾಡಪ್ಪನ ಮೇಲೆ ಚೀರಿದೆನು. ಬಿರುಕು ಇರುವುದು ನನಗೆ ಗೊತ್ತಿತ್ತು. ಅದಕ್ಕೇ ಮಕ್ಕಳನ್ನು ಹೊರಗೆ ಕೂರಿಸಿದ್ದೆನು. ಆ ಕ್ಷಣ ಅದು ನೆನಪಿಗೇ ಬರಲಿಲ್ಲ. ಎದೆ ನಡುಗಲಿಲ್ಲ. ಮಾಳಿಗೆ ಬಿದ್ದ ಸದ್ದು ಕೇಳಿದಾಗ ನನಗೆ ಮೊದಲು ಬಂದ ವಿಚಾರ, ನಕಾಶೆ ಹರಿಯಿತು ಎಂಬುದು. ಕಾಡಪ್ಪ ಎರಡನೆಯದಾಗಿ ನೆನಪಾದನು. ಅಂದು ರಾತ್ರಿ "ಒಳಗೆ ಹೋಗಿದ್ದ" ಎಂದು ಬರೆದೆನು. ಕಳುಹಿಸಿದವನು ನಾನು ಎಂದು ಬರೆಯಲಿಲ್ಲ. ಸುಭಾಸ ತನ್ನ ಸುಳ್ಳು ತುಂಬಿದ್ದು ನಾನು ಖಾಲಿ ಬಿಟ್ಟ ಆ ಜಾಗದಲ್ಲಿಯೇ.

ಆದ್ದರಿಂದ ನನ್ನ ಮೂಲ ಪುಟವನ್ನೂ ಮೇಲಿನ ಈ ಮಾತುಗಳನ್ನೂ ಸೇರಿಸಿ ಅಚ್ಚು ಹಾಕಿಸಿ, ಸಂಚಿಕೆ ಮುಟ್ಟಿದ ಪ್ರತಿ ಮನೆಗೂ ಮುಟ್ಟಿಸಬೇಕು. ಆ ಹೆದರಿಕೆಯನ್ನು ಎಲ್ಲಿಂದ ತಂದೆ ಎಂದು ಸುಭಾಸನೂ, ಮೂರು ಪತ್ರಗಳು ಎಲ್ಲಿ ಹೋದವು ಎಂದು ಮೇಲಿನ ಕಚೇರಿಯವರೂ, ಅದೇ ಶಾಲೆಯ ಅಂಗಳದಲ್ಲಿ ಕಾಡಪ್ಪನನ್ನು ಕುರ್ಚಿಯ ಮೇಲೆ ಕೂರಿಸಿ ಎಲ್ಲರೆದುರು ಉತ್ತರ ಕೊಡಬೇಕು. ನನ್ನ ಉತ್ತರವನ್ನು ನಾನು ಮೊದಲು ಕೊಡುತ್ತೇನೆ.

ಇದನ್ನು ನನಗೆ ಓದಿ ಹೇಳಲಾಯಿತು. ನಾನು ಬರೆಸಿದಂತೆಯೇ ಇದೆ. ಯಾರೂ ಏನನ್ನೂ ಸೇರಿಸಿಲ್ಲ, ತೆಗೆದಿಲ್ಲ.

ಸ್ಥಳ: ರಾಮದುರ್ಗ
ದಿನಾಂಕ: 4-2-2004

(ಸಹಿ) ಶ್ರೀ. ಸಂ. ಅಂಗಡಿ