ನಾಲ್ಕನೆಯ ಹಾಡಿನ ಜಾಗ

ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಹಿಂದಿನ ಸಾಲಿನಲ್ಲಿ ಈಗಲೇ ಗಡಿಯಾರ ನೋಡುತ್ತಿರುವ ಸಭಿಕರೇ,

ನಾನು ಹತ್ತನೇ ತರಗತಿಯವರೆಗೆ ಓದಿದವಳು, ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವಳು. ಮಗಳ ಆಲ್ಬಂ ಬಿಡುಗಡೆಯಲ್ಲಿ ಅದನ್ನು ಕೇಳುವ ಬಗೆ ಹೇಳಲು ನನ್ನನ್ನೇ ನಿಲ್ಲಿಸಿದ್ದಾರೆ. ಏಕೆಂದರೆ ಅದನ್ನು ಕೆಡಿಸಲು ಹೊರಟವಳೂ ನಾನೇ.

ಇದು ಒಂಬತ್ತು ಬಿಡಿ ಹಾಡುಗಳ ಕಟ್ಟಲ್ಲ, ಒಂದೇ ಕಥೆ. ನನ್ನ ಯಜಮಾನರದು. ಬಸ್ಸು ಓಡಿಸುತ್ತಿದ್ದರು. ಮನೆಯ ತಿರುವಿಗೆ ಬಂದಾಗ ಪ, ಮ, ಗ, ಸ ಎಂದು ನಾಲ್ಕು ಸ್ವರದ ಸಿಳ್ಳೆ ಹಾಕುತ್ತಿದ್ದರು. ಆ ಸಿಳ್ಳೆಯೇ ಕಥೆಯ ದಾರ. ಮೊದಲ ಹಾಡಿನಲ್ಲಿ ಅದು ಕೊಳಲಿನಲ್ಲಿ ಬರುತ್ತದೆ. ಎರಡರಲ್ಲಿ ಪಿಟೀಲಿನ ಮೇಲೆ ಓಡುತ್ತದೆ: ಮಗಳು ಅಪ್ಪನ ಹೆಗಲೇರಿದ್ದಾಳೆ. ಮೂರರಲ್ಲಿ ತಗ್ಗಿನ ಸ್ಥಾಯಿ, ನಿಧಾನ: ಮನೆಯಲ್ಲಿ ಜಗಳ. ಸ್ವರ ಬದಲಾಗಿಲ್ಲ, ಮನೆ ಬದಲಾಗಿದೆ. ಇದನ್ನು ಬಾಯಿಬಿಟ್ಟು ಹೇಳಬೇಕೇ?

ನಾಲ್ಕನೆಯದು... ಸ್ವಲ್ಪ ನೀರು ಕೊಡಿ. ಬೇಡ, ಇರಲಿ.

ತಿಂಗಳ ಹಿಂದೆ ನಾನು ಮಗಳಿಗೆ, "ಒಂಬತ್ತನೇದು ಶುಭವಾಗಿದೆ, ಮೊದಲಿಗೆ ಹಾಕು. ನಾಲ್ಕನೇದನ್ನ ಕೊನೆಗೆ ತಳ್ಳು, ಅಷ್ಟೊತ್ತಿಗೆ ಕೇಳೋರು ಯಾರೂ ಇರಲ್ಲ" ಎಂದೆ.

"ಅಮ್ಮಾ, ಇದೇನು ಕಪಾಟಲ್ಲಿ ಬಟ್ಟೆ ಜೋಡಿಸೋದಾ?"

"ಹೇಳಿದಷ್ಟು ಮಾಡೇ."

ಮಾಡಿದಳು. ನಾದಿನಿಗೆ ಕೇಳಿಸಿದೆವು. ಅವಳು ಕೇಳಿ ಮುಗಿಸಿ, "ಅಲ್ಲ ಅತ್ತಿಗೆ, ನಮ್ಮಣ್ಣ ಏಳನೇ ಹಾಡಲ್ಲಿ ಸತ್ತು, ಕೊನೇ ಹಾಡಲ್ಲಿ ಬಂದು ಬಾಗಿಲು ತಟ್ತಾನಲ್ಲ! ದೆವ್ವದ ಕಥೆನಾ?" ಎಂದಳು. ಎಲ್ಲರೂ ನಕ್ಕೆವು. ಆಮೇಲೆ ಅವಳು ನಗಲಿಲ್ಲ. "ಐದನೇ ಹಾಡಿಂದ ಸಿಳ್ಳೆ ಕೊನೇ ಸ್ವರ ಯಾಕಿಲ್ಲ? ಏನಾಯ್ತು?"

ಏನಾಯಿತೆಂದು ಹೇಳುವುದು ನಾಲ್ಕನೆಯ ಹಾಡು ಮಾತ್ರ. ಯಜಮಾನರು ತೀರಿಕೊಂಡದ್ದು ನಾದಿನಿಯ ಮನೆಯಲ್ಲಿ. ಅವರಾಗಿಯೇ ನಮ್ಮ ಮನೆ ಬಿಟ್ಟು ಹೋದರು ಎಂದು ನಾನು ಊರಿಗೆಲ್ಲ ಹೇಳಿದ್ದೆ. ಅವರೂ ಅಲ್ಲಗಳೆಯಲಿಲ್ಲ. ಆದರೆ ಹನ್ನೊಂದು ವರ್ಷದ ಮಗಳು ಅಂದು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು.

ನಾಲ್ಕರಲ್ಲಿ ಪ, ಮ, ಗ ಬರುತ್ತವೆ. ಸ ಬರಬೇಕಾದ ಜಾಗದಲ್ಲಿ ಚಿಲಕ ಬೀಳುವ ಸದ್ದು. ನಡುವೆ ಬಿಡುವೇ ಇಲ್ಲದೆ ಆ ಸದ್ದು ಐದನೆಯ ಹಾಡಿನ ತಾಳವಾಗುತ್ತದೆ. ಅಲ್ಲಿಂದ ಎಂಟರವರೆಗೆ ಸಿಳ್ಳೆಗೆ ಮೂರೇ ಸ್ವರ. ಕಿವಿ ನಾಲ್ಕನೆಯ ಸ್ವರಕ್ಕೆ ಕಾಯುತ್ತದೆ. ಒಂಬತ್ತರಲ್ಲಿ ಮಗಳು ತನ್ನ ಕೂಸನ್ನು ತೂಗುತ್ತಾ ಆ ಸ ಹಾಡುತ್ತಾಳೆ. ಕಾದವರಿಗೆ ಅದು ಸಿಗುತ್ತದೆ. ನಾನು ಅದನ್ನು ಹಸಿವಾಗುವ ಮೊದಲೇ ಬಡಿಸಿಬಿಟ್ಟಿದ್ದೆ.

ಒಳಗಿನಿಂದ ಆ ಚಿಲಕ ಹಾಕಿದ್ದು ಈ ಕೈ. ನಾದಿನಿಗೆ, ಹಾಡು ಕೇಳಿಸಿದ ದಿನವೇ, ಹೇಳಿದೆ. ಅವಳು ಇಂದು ಬಂದಿಲ್ಲ. ಹಾಡುಗಳ ಕ್ರಮವನ್ನು ಮೊದಲಿನಂತೆಯೇ ಮಾಡಿಸಿದ್ದೇನೆ.

ಈಗ ಒಂದರಿಂದ ಒಂಬತ್ತರವರೆಗೆ ಹಾಕುತ್ತಾರೆ. ನಡುವೆ ಯಾವುದನ್ನೂ ಹಾರಿಸುವುದಿಲ್ಲ. ನಾನು ಈ ವೇದಿಕೆಯ ಮೇಲೆಯೇ, ನಿಮ್ಮ ಕಡೆ ಮುಖ ಮಾಡಿ ಕೂತು ಕೇಳುತ್ತೇನೆ. ನನ್ನನ್ನು ಕರೆದವರಿಗೂ, ಕುಳಿತು ಕೇಳಿದ ನಿಮಗೂ, ಎಲ್ಲ ಗೊತ್ತಿದ್ದೂ ಇಷ್ಟು ವರ್ಷ ನನ್ನನ್ನು ಅಮ್ಮಾ ಎಂದವಳಿಗೂ ಕೃತಜ್ಞಳು. ನಮಸ್ಕಾರ.